ಉಸಿರು ಬಲಕ್ಕೆ, ನೋವು ಎಡಕ್ಕೆ: ಈಜುವವರ ಭುಜದ ಒಳಗುಟ್ಟು

ಈಜುಕೊಳದಲ್ಲಿ ನಿಯಮಿತವಾಗಿ ಫ್ರೀಸ್ಟೈಲ್ ಈಜುವವರಲ್ಲಿ ಒಂದು ಬಗೆಯ ಭುಜದ ನೋವು ಮತ್ತೆ ಮತ್ತೆ ಕಾಣಿಸುತ್ತದೆ. ಅವರು ಬಿದ್ದಿರುವುದಿಲ್ಲ, ಭಾರ ಎತ್ತಿರುವುದಿಲ್ಲ, ಎಲ್ಲೂ ತೋಳು ಎಳೆದುಕೊಂಡಿರುವುದಿಲ್ಲ. ಮೊದಮೊದಲು ಕೊನೆಯ ಕೆಲವು ಲ್ಯಾಪ್‌ಗಳಲ್ಲಿ ಭುಜದ ಮುಂಭಾಗ ಸಣ್ಣಗೆ ಮಿಡಿಯುತ್ತದೆ. ಕೆಲವು ವಾರ ಕಳೆದರೆ ಮೊದಲ ಲ್ಯಾಪ್‌ನಲ್ಲೇ ಶುರುವಾಗುತ್ತದೆ. ಆಮೇಲೆ ಅಂಗಿ ತೊಡುವಾಗ, ಎತ್ತರದ ಕಪಾಟಿನಿಂದ ಏನಾದರೂ ತೆಗೆಯುವಾಗ ಕೂಡ ಚುಚ್ಚುತ್ತದೆ. ಇದಕ್ಕೆ 'ಈಜುಗಾರರ ಭುಜ' ಎಂಬ ಹೆಸರು ವೈದ್ಯಕೀಯದಲ್ಲಿ ಬಂದದ್ದು 1974ರಲ್ಲಿ, ಕೆನಡಾದ ಮೂಳೆ ತಜ್ಞರಾದ ಕೆನಡಿ ಮತ್ತು ಹಾಕಿನ್ಸ್ ಅವರ ಬರಹದಿಂದ. ಆದರೆ ಆ ಹೆಸರು ಒಂದೇ ಕಾಯಿಲೆಯದಲ್ಲ. ಸ್ನಾಯುರಜ್ಜು ಕೆರಳಿರುವುದು, ಕೀಲು ಸಡಿಲವಾಗಿರುವುದು, ಸ್ನಾಯುಗಳು ಬಳಲಿರುವುದು ಇವೆಲ್ಲವೂ ಆ ಒಂದೇ ಚೀಲದಲ್ಲಿ ಸೇರಿವೆ.

ಎಲ್ಲವನ್ನೂ ಇಲ್ಲಿ ಬಿಡಿಸಲು ಹೋಗುವುದಿಲ್ಲ. ಹವ್ಯಾಸಕ್ಕೆ ಈಜುವ ವಯಸ್ಕರಲ್ಲಿ ಬಹಳವಾಗಿ ಕಾಣುವ, ಆದರೆ ಬಹುತೇಕರು ಕಾರಣ ಗುರುತಿಸದ ಒಂದು ಪ್ರಕರಣವನ್ನು ಮಾತ್ರ ತೆಗೆದುಕೊಳ್ಳೋಣ: ಸದಾ ಬಲಕ್ಕೆ ತಿರುಗಿ ಉಸಿರು ತೆಗೆದುಕೊಳ್ಳುವವರ ಎಡಭುಜದ ನೋವು. ನೀವು ಎಡಕ್ಕೆ ಉಸಿರಾಡುವವರಾದರೆ ಮುಂದಿನದೆಲ್ಲವನ್ನೂ ಅದಲುಬದಲು ಮಾಡಿಕೊಂಡು ಓದಿ.

ಒಬ್ಬರನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 43, ಮೇಜಿನ ಮುಂದೆ ಕೂತು ಮಾಡುವ ಕೆಲಸ. 25 ಮೀಟರ್ ಕೊಳದಲ್ಲಿ ವಾರಕ್ಕೆ ಮೂರು ದಿನ, ದಿನಕ್ಕೆ 1500 ಮೀಟರ್ ಈಜುತ್ತಿದ್ದರು. ಒಂದು ಉದ್ದಕ್ಕೆ ಅವರಿಗೆ ಎರಡೂ ಕೈ ಸೇರಿ 22 ಸ್ಟ್ರೋಕ್ ಬೇಕು. ಲೆಕ್ಕ ಹಾಕಿದರೆ ಎಡಗೈ ವಾರಕ್ಕೆ 1980 ಬಾರಿ ನೀರನ್ನು ಎಳೆಯುತ್ತಿತ್ತು. ಎರಡು ತಿಂಗಳ ಹಿಂದೆ ಹುಮ್ಮಸ್ಸು ಬಂದು ವಾರಕ್ಕೆ ನಾಲ್ಕು ದಿನ, ದಿನಕ್ಕೆ 2000 ಮೀಟರ್ ಎಂದು ಏರಿಸಿದರು. ಈಗ ಎಡಗೈಯ ಪಾಲು ವಾರಕ್ಕೆ 3520. ಮುಕ್ಕಾಲು ಪಾಲಿಗಿಂತ ಹೆಚ್ಚು ಏರಿಕೆ, ಅದೂ ಒಂದೇ ವಾರದಲ್ಲಿ. ಜೊತೆಗೆ ತೋಳಿಗೆ ಬಲ ಬರಲಿ ಎಂದು ಕೈಗೆ ಪ್ಲಾಸ್ಟಿಕ್ ಪ್ಯಾಡಲ್ ಕಟ್ಟಿಕೊಂಡು ಕೊನೆಯ 400 ಮೀಟರ್ ಈಜುವುದನ್ನೂ ಶುರು ಮಾಡಿದರು. ಐದನೆಯ ವಾರದಲ್ಲಿ ಎಡಭುಜ ದೂರು ಹೇಳಿತು.

ಅವರ ಮೊದಲ ಪ್ರಶ್ನೆ ಸಹಜವೇ: ಎರಡೂ ಕೈ ಅಷ್ಟೇ ಕೆಲಸ ಮಾಡಿವೆ, ಎಡಕ್ಕೆ ಮಾತ್ರ ಯಾಕೆ?

ಕೀಲಿನ ಒಳಗೆ

ಭುಜದ ಕೀಲಿನಲ್ಲಿ ತೋಳಿನ ಮೂಳೆಯ ದುಂಡನೆಯ ತುದಿ ದೊಡ್ಡದು, ಅದು ಕೂರುವ ಗುಳಿ ಚಿಕ್ಕದು ಮತ್ತು ಆಳವಿಲ್ಲದ್ದು. ಚಿಕ್ಕ ತಟ್ಟೆಯ ಮೇಲೆ ದೊಡ್ಡ ಚೆಂಡು ಇಟ್ಟ ಹಾಗೆ. ಈ ಏರ್ಪಾಡಿನಿಂದಾಗಿಯೇ ತೋಳು ಎಲ್ಲ ದಿಕ್ಕಿಗೂ ತಿರುಗುತ್ತದೆ. ಆದರೆ ಚೆಂಡು ತಟ್ಟೆಯ ನಡುವಿನಿಂದ ಜಾರದಂತೆ ಪ್ರತಿ ಕ್ಷಣವೂ ಯಾರಾದರೂ ಹಿಡಿದಿರಬೇಕು. ಆ ಕೆಲಸ ಮಾಡುವುದು ಬೆನ್ನ ಮೇಲಿನ ಭುಜದ ಹಲಗೆ ಮೂಳೆಯಿಂದ ಹೊರಟು ಚೆಂಡನ್ನು ಸುತ್ತುವರಿಯುವ ನಾಲ್ಕು ಸ್ನಾಯುಗಳ ಗುಂಪು. ಅದೇ ರೊಟೇಟರ್ ಕಫ್.

ನಾಲ್ಕರಲ್ಲಿ ಮೇಲಿನದು ಸುಪ್ರಾಸ್ಪೈನೇಟಸ್. ಹಿಂದಿನ ಎರಡು, ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್, ತೋಳನ್ನು ಹೊರಕ್ಕೆ ತಿರುಗಿಸುತ್ತವೆ. ಮುಂದಿನ ಸಬ್‌ಸ್ಕ್ಯಾಪುಲಾರಿಸ್ ಒಳಕ್ಕೆ ತಿರುಗಿಸುತ್ತದೆ. ಈಜುವಾಗ ನೀರನ್ನು ಹಿಂದಕ್ಕೆ ತಳ್ಳುವ ದೊಡ್ಡ ಶಕ್ತಿ ಬರುವುದು ಎದೆಯ ಮತ್ತು ಬೆನ್ನಿನ ದೊಡ್ಡ ಸ್ನಾಯುಗಳಿಂದ. ಅವು ತೋಳನ್ನು ಕೆಳಕ್ಕೆ ಎಳೆಯುತ್ತಲೇ ಒಳಕ್ಕೂ ತಿರುಗಿಸುತ್ತವೆ. ಹೀಗಾಗಿ ಈಜುತ್ತಾ ಹೋದಂತೆ ಒಳಕ್ಕೆ ತಿರುಗಿಸುವ ಬಣ ತಾನಾಗಿ ಬಲವಾಗುತ್ತದೆ, ಹೊರಕ್ಕೆ ತಿರುಗಿಸಿ ಚೆಂಡನ್ನು ನಡುವಿಗೆ ಎಳೆದಿಡುವ ಹಿಂದಿನ ಬಣಕ್ಕೆ ಅದೇ ಪ್ರಮಾಣದ ವ್ಯಾಯಾಮ ಸಿಗುವುದಿಲ್ಲ. ವರ್ಷಗಟ್ಟಲೆ ಈಜಿದವರಲ್ಲಿ ಈ ಅಸಮತೋಲ ಹೆಚ್ಚುತ್ತದೆ. 'ನಾನು ದಿನವೂ ಈಜುತ್ತೇನೆ, ಭುಜ ಗಟ್ಟಿಯಾಗಿಯೇ ಇರಬೇಕು' ಎಂಬ ನಂಬಿಕೆ ಅರ್ಧ ಮಾತ್ರ ನಿಜ.

ಇನ್ನೊಬ್ಬ ಆಟಗಾರನನ್ನು ಮರೆಯಬಾರದು. ಪಕ್ಕೆಲುಬುಗಳಿಂದ ಹಲಗೆ ಮೂಳೆಯ ಒಳಅಂಚಿಗೆ ಹೋಗುವ ಸೆರೇಟಸ್ ಆಂಟೀರಿಯರ್ ಎಂಬ ಸ್ನಾಯು, ಕೈ ಮುಂದಕ್ಕೆ ಚಾಚಿದಾಗ ಹಲಗೆ ಮೂಳೆಯನ್ನು ತಿರುಗಿಸಿ ತಟ್ಟೆಯನ್ನು ಚೆಂಡಿನ ಕೆಳಗೆ ತಂದು ನಿಲ್ಲಿಸುತ್ತದೆ. ಈಜುವವರ ಸ್ನಾಯುಗಳಿಗೆ ಸಣ್ಣ ತಂತಿಗಳನ್ನು ಇಟ್ಟು ಅವುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದ ಒಂದು ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಫ್ರೀಸ್ಟೈಲ್ ಸ್ಟ್ರೋಕಿನ ಆರಂಭದಿಂದ ಕೊನೆಯವರೆಗೆ ಬಿಡುವಿಲ್ಲದೆ ದುಡಿಯುವುದು ಸೆರೇಟಸ್ ಮತ್ತು ಸಬ್‌ಸ್ಕ್ಯಾಪುಲಾರಿಸ್ ಎಂದು ಅದರಲ್ಲಿ ಕಂಡುಬಂತು. ಉಳಿದ ಸ್ನಾಯುಗಳಿಗೆ ಸ್ಟ್ರೋಕಿನ ನಡುವೆ ಅಲ್ಪಸ್ವಲ್ಪ ವಿಶ್ರಾಂತಿಯಿದೆ, ಇವೆರಡಕ್ಕೆ ಇಲ್ಲ. ಕೊನೆಯ ಲ್ಯಾಪ್‌ಗಳಲ್ಲೇ ನೋವು ಮೊದಲು ಕಾಣಿಸುವುದಕ್ಕೆ ಇದು ಒಳ್ಳೆಯ ವಿವರಣೆ. ಮೊದಲು ಇವು ಬಳಲುತ್ತವೆ, ಆಮೇಲೆ ಹಲಗೆ ಮೂಳೆ ಸರಿಯಾಗಿ ತಿರುಗುವುದಿಲ್ಲ, ಚೆಂಡು ತುಸು ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ. ಮೇಲಿನ ಸುಪ್ರಾಸ್ಪೈನೇಟಸ್‌ನ ರಜ್ಜು ಮತ್ತು ಭುಜದ ಮುಂದೆ ಹಾಯುವ ಬೈಸೆಪ್ಸ್‌ನ ಉದ್ದ ರಜ್ಜು ತಮ್ಮ ಪಾಲಿಗಿಂತ ಹೆಚ್ಚಿನ ಹೊರೆ ಹೊರುತ್ತವೆ.

ಹಿಂದೆ ಇದನ್ನು ಬರೀ 'ಇಕ್ಕಟ್ಟಾದ ಜಾಗದಲ್ಲಿ ರಜ್ಜು ಮೂಳೆಗೆ ಉಜ್ಜುತ್ತದೆ' ಎಂದು ವಿವರಿಸುತ್ತಿದ್ದರು, ಮೇಲಿನ ಮೂಳೆಯನ್ನು ಕೆತ್ತಿ ಜಾಗ ಮಾಡುವ ಶಸ್ತ್ರಚಿಕಿತ್ಸೆಯೂ ಬಹಳ ನಡೆಯುತ್ತಿತ್ತು. ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಕೆಲವರಿಗೆ ನಿಜವಾಗಿ ಮೂಳೆ ಕೆತ್ತಿದರು, ಕೆಲವರಿಗೆ ದುರ್ಬೀನು ಹಾಕಿ ನೋಡಿ ಏನನ್ನೂ ಕೆತ್ತದೆ ಹೊರಬಂದರು. ಎರಡು ಗುಂಪುಗಳ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅದು ಈಜುಗಾರರ ಮೇಲೆ ಮಾತ್ರ ನಡೆದ ಪರೀಕ್ಷೆಯಲ್ಲ, ಆದರೆ ಜಾಗದ ಇಕ್ಕಟ್ಟು ಒಂದೇ ಕಥೆಯಲ್ಲ ಎಂಬುದನ್ನು ಒಪ್ಪಲು ಅಷ್ಟು ಸಾಕು. ರಜ್ಜು ತಡೆದುಕೊಳ್ಳಬಲ್ಲ ಹೊರೆಗೂ ಅದರ ಮೇಲೆ ಬೀಳುತ್ತಿರುವ ಹೊರೆಗೂ ನಡುವಿನ ಅಂತರವೇ ನಮ್ಮ ಕೈಯಲ್ಲಿರುವ ವಿಷಯ. ಹೊರೆಯನ್ನು ಸ್ಟ್ರೋಕ್ ತಿದ್ದಿ ಇಳಿಸಬಹುದು, ತಡೆಯುವ ಶಕ್ತಿಯನ್ನು ವ್ಯಾಯಾಮದಿಂದ ಏರಿಸಬಹುದು.

ಉಸಿರಾಡುವ ಆ ಅರೆಗಳಿಗೆ

ಈಗ ಎಡಭುಜಕ್ಕೆ ಬರೋಣ. ಬಲಕ್ಕೆ ಉಸಿರು ತೆಗೆದುಕೊಳ್ಳುವ ಹೊತ್ತಿನಲ್ಲಿ ಎಡಗೈ ಮುಂದೆ ಚಾಚಿಕೊಂಡಿರುತ್ತದೆ. ತಲೆ ಬೆನ್ನುಹುರಿಯ ಗೆರೆಯಲ್ಲೇ ಉರುಳಿದರೆ ತೊಂದರೆಯಿಲ್ಲ. ಆದರೆ ಹೆಚ್ಚಿನವರು ಗಾಳಿಗಾಗಿ ತಲೆಯನ್ನು ತುಸು ಮೇಲೆತ್ತುತ್ತಾರೆ. ತಲೆ ಎತ್ತಿದೊಡನೆ ಸೊಂಟ ಮುಳುಗಲು ಹೊರಡುತ್ತದೆ, ಅದನ್ನು ತಡೆಯಲು ಎಡಗೈ ನೇರವಾಗಿ ನೀರನ್ನು ಕೆಳಕ್ಕೆ ಒತ್ತುತ್ತದೆ. ಆ ಒತ್ತುವಿಕೆ ಮುಂದಕ್ಕೆ ಒಯ್ಯುವುದಿಲ್ಲ, ಕೇವಲ ತಲೆಯನ್ನು ಎತ್ತಿ ಹಿಡಿಯುತ್ತದೆ. ತೋಳು ಪೂರ್ತಿ ಮೇಲೆ ಚಾಚಿ, ಒಳಕ್ಕೆ ತಿರುಗಿ, ಮೊಣಕೈ ನೇರವಾಗಿರುವ ಸ್ಥಿತಿಯೇ ಭುಜದ ರಜ್ಜುಗಳಿಗೆ ಅತ್ಯಂತ ಕಷ್ಟದ ಸ್ಥಿತಿ. ಉದ್ದನೆಯ ತೋಳಿನ ತುದಿಯಲ್ಲಿ ಒತ್ತಡ ಬಿದ್ದಾಗ ಭುಜದ ಮೇಲೆ ಅದರ ಪರಿಣಾಮ ಹಲವು ಪಟ್ಟು.

ನಮ್ಮ ಈಜುಗಾರರು ಪ್ರತಿ ಎರಡು ಸ್ಟ್ರೋಕಿಗೆ ಒಮ್ಮೆ ಬಲಕ್ಕೆ ಉಸಿರಾಡುತ್ತಾರೆ. ಅಂದರೆ ಎಡಗೈ ಮುಂದೆ ಚಾಚಿದ ಪ್ರತಿಯೊಂದು ಸಲವೂ ಅದರ ಮೇಲೆ ಉಸಿರಿನ ಭಾರವಿದೆ: 2000 ಮೀಟರಿನಲ್ಲಿ 880ಕ್ಕೆ 880. ಬಲಗೈಗೆ ಒಂದೂ ಇಲ್ಲ. ಎರಡೂ ಕೈ ಅಷ್ಟೇ ಕೆಲಸ ಮಾಡಿವೆ ಎಂಬುದು ಹೀಗೆ ಸುಳ್ಳಾಗುತ್ತದೆ.

ಎಡಕ್ಕೆ ಎರಡನೆಯ ಪೆಟ್ಟೂ ಇದೆ, ಅದು ನೀರಿನ ಮೇಲೆ. ಬಲಕ್ಕೆ ಉಸಿರಾಡುವಾಗ ದೇಹದ ಬಲಬದಿ ಚೆನ್ನಾಗಿ ಮೇಲೇಳುತ್ತದೆ. ಎಡಗೈ ಹಿಂದಿನಿಂದ ಮುಂದಕ್ಕೆ ಬರುವಾಗ ಎಡಬದಿಯೂ ಅಷ್ಟೇ ಏಳಬೇಕು. ಆದರೆ ಆ ಕಡೆ ಉಸಿರಿಲ್ಲವಾದ್ದರಿಂದ ದೇಹ ಅರೆಮನಸ್ಸಿನಿಂದ ಉರುಳುತ್ತದೆ. ಬದಿ ಏಳದಿದ್ದರೆ ಕೈಯನ್ನು ನೀರಿನಿಂದ ಹೊರತರಲು ಭುಜವೊಂದೇ ಹಿಂದಕ್ಕೆ ತಿರುಚಿಕೊಳ್ಳಬೇಕಾಗುತ್ತದೆ. ಚೆನ್ನಾಗಿ ಈಜುವವರಲ್ಲಿ ಪ್ರತಿ ಬದಿಗೆ ಸುಮಾರು 30ರಿಂದ 45 ಡಿಗ್ರಿ ಉರುಳುವಿಕೆ ಇರುತ್ತದೆ. ಒಂದು ಬದಿಗೆ ಅಷ್ಟಿದ್ದು ಇನ್ನೊಂದಕ್ಕೆ ಅದರ ಅರ್ಧವೂ ಇಲ್ಲದಿದ್ದರೆ ದಂಡ ತೆರುವುದು ಆ ಇನ್ನೊಂದು ಭುಜ.

ಇದು ನಿಮ್ಮಲ್ಲಿ ನಡೆಯುತ್ತಿದೆಯೇ ಎಂದು ತಿಳಿಯಲು ಅನುಭವ ಸಾಲದು, ಏಕೆಂದರೆ ನೀರಿನಲ್ಲಿ ಕೈ ಎಲ್ಲಿದೆ ಎಂಬ ನಮ್ಮ ಅಂದಾಜು ಬಹಳ ಕೆಟ್ಟದ್ದು. ಯಾರಿಂದಲಾದರೂ ಮೊಬೈಲಿನಲ್ಲಿ ಒಂದು ಉದ್ದವನ್ನು ಮುಂದಿನಿಂದ, ಇನ್ನೊಂದನ್ನು ಪಕ್ಕದಿಂದ ಚಿತ್ರೀಕರಿಸಿಕೊಳ್ಳಿ. ಅದೂ ಈಜಿನ ಆರಂಭದಲ್ಲಲ್ಲ, ಬಳಲಿದ ಮೇಲೆ. ಬಾಯಿ ತೆರೆಯುವ ಚೌಕಟ್ಟಿನಲ್ಲಿ ಚಿತ್ರ ನಿಲ್ಲಿಸಿ ಎಡಗೈ ನೋಡಿ. ಅದು ನೀರಿನ ಮೇಲ್ಮೈ ಹತ್ತಿರ ಚಾಚಿಕೊಂಡೇ ಇದೆಯೇ, ಅಥವಾ ಆಗಲೇ ಒಂದಡಿ ಕೆಳಗಿಳಿದು ನೇರ ಕಂಬದಂತೆ ಒತ್ತುತ್ತಿದೆಯೇ? ಕನ್ನಡಕದ ಎರಡೂ ಗಾಜು ನೀರಿನ ಮೇಲಿದ್ದರೆ ತಲೆ ಎದ್ದಿದೆ ಎಂದೇ ಅರ್ಥ. ಒಂದು ಗಾಜು ನೀರಿನಲ್ಲಿರಬೇಕು.

ಸ್ಟ್ರೋಕಿನಲ್ಲಿ ಏನು ಬದಲಿಸಬೇಕು

ಒಂದು ಸಲಕ್ಕೆ ಒಂದೇ ಬದಲಾವಣೆ, ಕನಿಷ್ಠ ಎರಡು ವಾರ. ಹತ್ತು ಸೂಚನೆಗಳನ್ನು ತಲೆಯಲ್ಲಿಟ್ಟುಕೊಂಡು ಯಾರೂ ಈಜಲಾರರು, ಯಾವುದರಿಂದ ನೋವು ಇಳಿಯಿತು ಎಂಬುದೂ ತಿಳಿಯುವುದಿಲ್ಲ. ನನ್ನ ಮಟ್ಟಿಗೆ ಮೊದಲ ಬದಲಾವಣೆ ಉಸಿರಾಟದ್ದೇ ಆಗಬೇಕು, ಕೈಯದಲ್ಲ.

ಕೆನ್ನೆಯನ್ನು ನೀರಿನ ಮೇಲೆ ಇಟ್ಟುಕೊಂಡೇ ಗಲ್ಲವನ್ನು ಭುಜದ ಕಡೆಗೆ ತಿರುಗಿಸಿ. ನೋಟ ಛಾವಣಿಗಲ್ಲ, ಪಕ್ಕದ ಗೋಡೆಗೆ. ಉಸಿರನ್ನು ನೀರಿನಲ್ಲೇ ಪೂರ್ತಿ ಬಿಟ್ಟಿರಬೇಕು. ಮೇಲೆ ಬಂದು ಬಿಡುವುದು, ಎಳೆಯುವುದು ಎರಡನ್ನೂ ಮಾಡಲು ಹೊರಟರೆ ಹೆಚ್ಚು ಸಮಯ ಬೇಕು, ಆ ಹೆಚ್ಚಿನ ಸಮಯವನ್ನೆಲ್ಲ ಎಡಗೈ ಒತ್ತಿಕೊಂಡು ಒದಗಿಸುತ್ತದೆ. ಅಭ್ಯಾಸಕ್ಕೆ ಎರಡೂ ಕೈಗಳನ್ನು ತೊಡೆಯ ಪಕ್ಕ ಇಟ್ಟುಕೊಂಡು ಕಾಲಿನಿಂದ ಮಾತ್ರ ಸಾಗುತ್ತಾ, ಆರು ಒದೆತಕ್ಕೊಮ್ಮೆ ದೇಹವನ್ನು ಒಂದು ಬದಿಯಿಂದ ಇನ್ನೊಂದಕ್ಕೆ ಉರುಳಿಸಿ ಉಸಿರು ತೆಗೆದುಕೊಳ್ಳಿ. ಒತ್ತಲು ಕೈಯೇ ಇಲ್ಲದಾಗ ದೇಹ ಉರುಳುವುದನ್ನು ಕಲಿಯಲೇಬೇಕಾಗುತ್ತದೆ. ಪುಸ್ತಕಗಳು ಹೇಳುವಂತೆ ಒಂದು ಕೈ ಮುಂದೆ ಚಾಚಿ ಮಾಡುವ ಅಭ್ಯಾಸ ನೋವಿಲ್ಲದವರಿಗೆ ಸರಿ. ಕೆರಳಿದ ಭುಜಕ್ಕೆ ಬೇಡ. ಇದೇ ಕಾರಣಕ್ಕೆ ಕೈ ಚಾಚಿ ಕಿಕ್‌ಬೋರ್ಡ್ ಹಿಡಿದು ಒದೆಯುವುದೂ ವಿಶ್ರಾಂತಿಯಲ್ಲ. ಕೈಗೆ ಕೆಲಸ ಕೊಡುತ್ತಿಲ್ಲ ಎಂದುಕೊಂಡು ಭುಜವನ್ನು ಅತಿ ಕಷ್ಟದ ಭಂಗಿಯಲ್ಲಿ ನಿಮಿಷಗಟ್ಟಲೆ ಇಡುತ್ತೇವೆ.

ಆಮೇಲೆ ಉಸಿರಿನ ಬದಿ. ಮೂರು ಸ್ಟ್ರೋಕಿಗೊಮ್ಮೆ ಎರಡೂ ಬದಿಗೆ ಉಸಿರಾಡಿದರೆ ಎಡಗೈಯ ಮೂರು ಚಾಚುವಿಕೆಯಲ್ಲಿ ಒಂದರ ಮೇಲೆ ಮಾತ್ರ ಉಸಿರಿನ ಭಾರ ಬೀಳುತ್ತದೆ. 880 ಇದ್ದದ್ದು 300ರ ಒಳಗೆ ಬರುತ್ತದೆ. ಆದರೆ ಮೂರಕ್ಕೊಮ್ಮೆ ಗಾಳಿ ಸಾಲದೆ ಏದುಸಿರು ಬರುವವರು ಅನೇಕ. ಅವರಿಗೆ ಸುಲಭದ ಉಪಾಯ, ಹೋಗುವಾಗಲೂ ಬರುವಾಗಲೂ ಕೊಳದ ಒಂದೇ ಗೋಡೆಯನ್ನು ನೋಡುತ್ತಾ ಉಸಿರಾಡುವುದು. ದಿಕ್ಕು ಬದಲಾದಂತೆ ಬದಿ ತಾನಾಗಿ ಬದಲಾಗುತ್ತದೆ, ಎಡದ ಪಾಲು ಅರ್ಧಕ್ಕಿಳಿಯುತ್ತದೆ. ಎಡಕ್ಕೆ ಉಸಿರಾಡುವುದು ಮೊದಲ ವಾರ ಹೇಸಿಗೆಯೆನಿಸುತ್ತದೆ, ನೀರು ಕುಡಿಯುತ್ತೀರಿ. ಅದಕ್ಕಾಗಿ ವೇಗ ಕಡಿಮೆ ಮಾಡಬೇಕಾಗುತ್ತದೆ. ಎಡಕ್ಕೆ ಉಸಿರಾಡುವಾಗ ಎಡಬದಿಯೂ ಪೂರ್ತಿ ಏಳುವುದರಿಂದ ಎರಡನೆಯ ಪೆಟ್ಟೂ ಇದರಲ್ಲೇ ಬಹಳಷ್ಟು ತಗ್ಗುತ್ತದೆ.

ಇಷ್ಟಾದ ಮೇಲೆ ಕೈ. ಹೆಬ್ಬೆರಳು ಮೊದಲು ನೀರಿಗೆ ತಾಗುವಂತೆ ಅಂಗೈಯನ್ನು ಹೊರಕ್ಕೆ ತಿರುಗಿಸಿ ಇಳಿಸುವ ಹಳೆಯ ಕ್ರಮವನ್ನು ಬಿಡಬೇಕು, ಅದು ಭುಜವನ್ನು ಮೊದಲೇ ಒಳಕ್ಕೆ ತಿರುಗಿಸಿಡುತ್ತದೆ. ಬೆರಳತುದಿಗಳು ಮೊದಲು, ಅಂಗೈ ಕೆಳಮುಖ, ಕೈ ಇಳಿಯುವುದು ಭುಜದ ನೇರಕ್ಕೆ. ತಲೆಯ ಮುಂದೆ ಅಡ್ಡಹಾಯ್ದು ನಡುಗೆರೆ ದಾಟಿದರೆ ಭುಜದ ಮುಂಭಾಗ ಹಿಂಡಿದಂತಾಗುತ್ತದೆ. ಅಡ್ಡ ಹೋಗುತ್ತಿರುವವರಿಗೆ ಕೈಗಳನ್ನು ಅಗಲವಾಗಿ, ಗಡಿಯಾರದ ಹತ್ತು ಮತ್ತು ಎರಡರ ದಿಕ್ಕಿಗೆ ಇಳಿಸುತ್ತಿದ್ದೇವೆ ಎಂದು ಅನ್ನಿಸಬೇಕು. ಚಿತ್ರದಲ್ಲಿ ನೋಡಿದರೆ ಅದು ಭುಜದ ನೇರಕ್ಕೇ ಇರುತ್ತದೆ.

ನೀರನ್ನು ಹಿಡಿಯುವ ಹಂತದಲ್ಲಿ ಬೆರಳತುದಿಯನ್ನು ಮೊದಲು ಕೊಳದ ತಳದ ಕಡೆಗೆ ಬಗ್ಗಿಸಿ, ಮೊಣಕೈಯನ್ನು ಮೇಲ್ಮೈ ಹತ್ತಿರವೇ ಉಳಿಸಿ, ಮುಂಗೈಯೂ ಅಂಗೈಯೂ ಒಂದೇ ಹಲಗೆಯಂತೆ ನೀರನ್ನು ಹಿಂದಕ್ಕೆ ತಳ್ಳಬೇಕು. ಹೀಗೆ ಮೊಣಕೈ ಬಗ್ಗಿದಾಗ ಸನ್ನೆಕೋಲಿನ ಉದ್ದ ಕಡಿಮೆಯಾಗಿ ಭುಜದ ಹೊರೆ ಇಳಿಯುತ್ತದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಒಲಿಂಪಿಕ್ ಈಜುಗಾರರ ವಿಡಿಯೋ ನೋಡಿ ಮೊಣಕೈಯನ್ನು ಅತಿ ಎತ್ತರಕ್ಕೆ ಇಡಲು ಹೊರಟರೆ ತೋಳು ಇನ್ನಷ್ಟು ಒಳಕ್ಕೆ ತಿರುಚುತ್ತದೆ. ಮೇಜಿನ ಮುಂದೆ ಬಾಗಿ ಕೂತು ಬಿಗಿಯಾದ ಎದೆ ಮತ್ತು ಬೆನ್ನಿನ ಮೇಲ್ಭಾಗವುಳ್ಳ ನಲವತ್ತರ ದೇಹಕ್ಕೆ ಅಷ್ಟು ತಿರುವು ಇರುವುದಿಲ್ಲ. ಕೈಯನ್ನು ತುಸು ಆಳಕ್ಕೂ ಅಗಲಕ್ಕೂ ಬಿಟ್ಟು, ನೋವಿಲ್ಲದಷ್ಟು ಮಾತ್ರ ಮೊಣಕೈ ಬಗ್ಗಿಸಿದರೆ ಸಾಕು.

ಉದ್ದಕ್ಕೆ ಕಡಿಮೆ ಸ್ಟ್ರೋಕ್ ಎಂಬ ಹೆಮ್ಮೆಯ ಬಗ್ಗೆಯೂ ಒಂದು ಮಾತು. ಸ್ಟ್ರೋಕ್ ಉಳಿಸಲೆಂದು ಕೈಯನ್ನು ಮುಂದೆ ಚಾಚಿಕೊಂಡೇ ತೇಲುತ್ತಾ ಕಾಯುವವರು ಭುಜವನ್ನು ಅದೇ ಕಷ್ಟದ ತುದಿಯಲ್ಲಿ ನಿಲ್ಲಿಸಿರುತ್ತಾರೆ. ಮೇಲಿನ ತಿದ್ದುಪಡಿಗಳ ನಂತರ 22 ಸ್ಟ್ರೋಕ್ 24 ಆದರೆ ಗಾಬರಿ ಬೇಡ. ಹಗುರವಾದ 24, ಭಾರವಾದ 22ಕ್ಕಿಂತ ಭುಜಕ್ಕೆ ಕ್ಷೇಮ.

ಬಲ ತುಂಬುವುದು

ವ್ಯಾಯಾಮಗಳು ಬೇಕಾದಷ್ಟಿವೆ. ಈ ಪ್ರಕರಣಕ್ಕೆ ಮೂರು ಸಾಕು. ಆದರೆ ಆ ಮೂರನ್ನು ಸರಿಯಾಗಿ ಮಾಡುವುದು ಕಾಣುವಷ್ಟು ಸುಲಭವಲ್ಲ.

ನೋವು ಜೋರಾಗಿರುವ ಮೊದಲ ದಿನಗಳಲ್ಲಿ ಚಲನೆಯಿಲ್ಲದ ಒತ್ತುವಿಕೆಯಿಂದ ಆರಂಭಿಸಬಹುದು. ಗೋಡೆಯ ಪಕ್ಕ ನಿಂತು, ಮೊಣಕೈಯನ್ನು ಸಮಕೋನಕ್ಕೆ ಬಗ್ಗಿಸಿ ಪಕ್ಕೆಗೆ ತಾಗಿಸಿ, ಮಣಿಕಟ್ಟಿನ ಹಿಂಬದಿಯಿಂದ ಗೋಡೆಯನ್ನು ಹೊರಕ್ಕೆ ಒತ್ತಿ. ಪೂರ್ತಿ ಬಲದ ಅರ್ಧದಷ್ಟು, 30 ಸೆಕೆಂಡು, ನಡುವೆ ಬಿಡುವು ಕೊಟ್ಟು ಐದು ಬಾರಿ. ಚಲನೆಯಿಲ್ಲದ್ದರಿಂದ ಕೆರಳಿದ ರಜ್ಜು ಇದನ್ನು ಸಾಮಾನ್ಯವಾಗಿ ಸಹಿಸುತ್ತದೆ. ಕೆಲವರಿಗೆ ಒತ್ತಿದ ನಂತರ ನೋವೂ ತುಸು ಇಳಿಯುತ್ತದೆ.

ನಿಜವಾದ ಕೆಲಸ ಶುರುವಾಗುವುದು ಪಕ್ಕಕ್ಕೆ ಮಲಗಿ ಮಾಡುವ ಹೊರತಿರುವಿನಿಂದ. ಬಲಮಗ್ಗುಲಿಗೆ ಮಲಗಿ, ಎಡಗೈಯ ಮೊಣಕೈಯನ್ನು ಸಮಕೋನಕ್ಕೆ ಬಗ್ಗಿಸಿ, ಕಂಕುಳಿನ ಕೆಳಗೆ ಪಕ್ಕೆಗೂ ತೋಳಿಗೂ ನಡುವೆ ಸುರುಳಿ ಸುತ್ತಿದ ಟವೆಲ್ ಇಡಿ. ಕೈಯಲ್ಲಿ ಒಂದು ಕಿಲೋ ತೂಕ. ಮುಂಗೈಯನ್ನು ಹೊಟ್ಟೆಯ ಕಡೆಯಿಂದ ಮೇಲಕ್ಕೆ, ನೆಲಕ್ಕೆ ಸಮನಾಂತರದ ಮಟ್ಟ ತುಸು ದಾಟುವವರೆಗೆ ತಿರುಗಿಸಿ, ಮೂರು ಸೆಕೆಂಡು ತೆಗೆದುಕೊಂಡು ಇಳಿಸಿ. ಹಿಂದಿನ ಎರಡು ಸ್ನಾಯುಗಳಿಗೆ ಇಷ್ಟು ನೇರವಾಗಿ ತಲುಪುವ ವ್ಯಾಯಾಮ ಬೇರೆ ವಿರಳ. 12ರಿಂದ 15 ಬಾರಿ, ಮೂರು ಸುತ್ತು, ವಾರಕ್ಕೆ ಮೂರು ದಿನ. ಕೊನೆಯ ಎರಡು ಬಾರಿ ಕಷ್ಟವಾಗಬೇಕು, ಆದರೆ ಭಂಗಿ ಕೆಡಬಾರದು. ಆ 15 ಸಲೀಸಾದ ಮೇಲೆ ತೂಕವನ್ನು ಅರ್ಧ ಕಿಲೋ ಏರಿಸಿ.

ತಪ್ಪು ಹೇಗೆ ನುಸುಳುತ್ತದೆ ಎಂದರೆ, ಮೂರು ಕಿಲೋ ಎತ್ತಬಲ್ಲೆ ಎಂಬ ಹಟದಿಂದ. ತೂಕ ಹೆಚ್ಚಾದೊಡನೆ ಕಿವಿಯ ಕಡೆಗೆ ಭುಜ ಏರುತ್ತದೆ, ಟವೆಲ್ ಜಾರುತ್ತದೆ, ಸೊಂಟ ಹಿಂದಕ್ಕೆ ವಾಲಿ ಕೈಯನ್ನು ಎಸೆಯುತ್ತದೆ. ಆಗ ದುಡಿಯುವುದು ಹೊರಗಿನ ದೊಡ್ಡ ಸ್ನಾಯುಗಳು. ಗುರುತು ಸರಳ: ದಣಿವು ಭುಜದ ಹಿಂಬದಿಯಲ್ಲಿ, ಹಲಗೆ ಮೂಳೆಯ ಮೇಲೆ ಕಾಣಬೇಕು. ಕುತ್ತಿಗೆಯಲ್ಲೋ ಭುಜದ ಮುಂಭಾಗದಲ್ಲೋ ಕಂಡರೆ ತೂಕ ಇಳಿಸಿ.

ಮೂರನೆಯದು ಸೆರೇಟಸ್‌ಗೆ. ಗೋಡೆಗೆ ಕೈಯೂರಿ ಪುಷ್‌ಅಪ್ ಮಾಡಿ, ಕೈಗಳು ನೇರವಾದ ಮೇಲೆ ಅಲ್ಲಿಗೇ ನಿಲ್ಲದೆ ಮೊಣಕೈ ಬಗ್ಗಿಸದಂತೆ ಗೋಡೆಯನ್ನು ಇನ್ನೊಂದೆರಡು ಇಂಚು ದೂರ ತಳ್ಳಿ. ಬೆನ್ನಿನ ಮೇಲ್ಭಾಗ ತುಸು ಗುಂಡಗಾಗುತ್ತದೆ, ಹಲಗೆ ಮೂಳೆಗಳು ಪಕ್ಕೆಯ ಸುತ್ತ ಮುಂದಕ್ಕೆ ಸರಿಯುತ್ತವೆ. ಎರಡು ಸೆಕೆಂಡು ಹಿಡಿದು ಬಿಡಿ. ಆ ಕೊನೆಯ ಎರಡು ಇಂಚೇ ವ್ಯಾಯಾಮ, ಉಳಿದದ್ದು ಅಲ್ಲಿಗೆ ಹೋಗುವ ದಾರಿ. ಗೋಡೆ ಸುಲಭವಾದರೆ ಮೇಜಿನ ಅಂಚು, ಆಮೇಲೆ ನೆಲ. ಈ ಸ್ನಾಯು ನೀರಿನಲ್ಲಿ ಸೋಲುವುದು ಬಲದ ಕೊರತೆಗಿಂತ ಬಳಲಿಕೆಯಿಂದ, ಆದ್ದರಿಂದ ಇಲ್ಲಿ ಸಂಖ್ಯೆ ಏರಿಸುವುದು ಒಳ್ಳೆಯದು: 15ರಿಂದ 25ರವರೆಗೆ.

ಯಾವುದನ್ನೂ ಈಜುವ ಮುನ್ನ ದಣಿಯುವಷ್ಟು ಮಾಡಬೇಡಿ. ಚೆಂಡನ್ನು ಹಿಡಿಯುವ ಸ್ನಾಯುಗಳನ್ನು ಬಳಲಿಸಿ ನೀರಿಗಿಳಿಯುವುದರಲ್ಲಿ ಅರ್ಥವಿಲ್ಲ. ಈಜಿದ ನಂತರ ಅಥವಾ ಈಜದ ದಿನ ಮಾಡಿ. ಇನ್ನು ಸ್ಟ್ರೆಚಿಂಗ್: ಕೊಳದ ಅಂಚಿನಲ್ಲಿ ಕೈಗಳನ್ನು ಹಿಂದಕ್ಕೆ ಜಗ್ಗಿಸುವ ಅಭ್ಯಾಸ ಈಜುವವರಲ್ಲಿ ಬಹಳ. ಆದರೆ ಅನೇಕರ ಭುಜದ ಮುಂಭಾಗ ಆಗಲೇ ಸಡಿಲ. ಅದನ್ನು ಮತ್ತಷ್ಟು ಎಳೆದರೆ ಚೆಂಡು ಮುಂದಕ್ಕೆ ಸರಿಯಲು ದಾರಿ ಮಾಡಿಕೊಟ್ಟಂತೆ. ಬಿಗಿ ಇರುವುದು ಸಾಮಾನ್ಯವಾಗಿ ಭುಜದ ಹಿಂಬದಿಯಲ್ಲಿ. ತೋಳನ್ನು ಎದೆಗೆ ಅಡ್ಡಲಾಗಿ ತಂದು ಇನ್ನೊಂದು ಕೈಯಿಂದ 30 ಸೆಕೆಂಡು ಹಿಡಿಯುವುದು ಅದಕ್ಕೆ ಸಾಕು. ಮುಂಭಾಗದಲ್ಲಿ ಚುಚ್ಚಿದರೆ ಅದನ್ನೂ ಬಿಡಿ.

ಹನ್ನೆರಡು ವಾರ

ನಮ್ಮ 43ರ ಈಜುಗಾರರಿಗೆ ಪೂರ್ತಿ ವಿಶ್ರಾಂತಿ ಬೇಕಿಲ್ಲ. ಎರಡು ತಿಂಗಳು ಸುಮ್ಮನೆ ಕೂತರೆ ನೋವು ಇಳಿಯುತ್ತದೆ, ಜೊತೆಗೆ ರಜ್ಜು ತಡೆಯುವ ಶಕ್ತಿಯೂ ಇಳಿಯುತ್ತದೆ. ಮರಳಿ ಅದೇ 2000ಕ್ಕೆ ಹಾರಿದರೆ ಕಥೆ ಮತ್ತೆ ಮೊದಲಿನಿಂದ.

ಮೊದಲ ಎರಡು ವಾರ ಪ್ಯಾಡಲ್ ಇಲ್ಲ, ಕಿಕ್‌ಬೋರ್ಡ್ ಇಲ್ಲ, ಬಟರ್‌ಫ್ಲೈ ಇಲ್ಲ. ವಾರಕ್ಕೆ ಮೂರು ದಿನ, ದಿನಕ್ಕೆ 1000 ಮೀಟರ್, ಅದರಲ್ಲೂ ಕಾಲುಭಾಗ ಕೈ ತೊಡೆಯ ಪಕ್ಕ ಇಟ್ಟು ಉರುಳುವ ಅಭ್ಯಾಸ. ದಡದಲ್ಲಿ ಗೋಡೆ ಒತ್ತುವುದು. ಮೂರನೆಯ ವಾರದಿಂದ ಒಂದೇ ಗೋಡೆ ನೋಡುವ ಉಸಿರಾಟ, ತೂಕದ ವ್ಯಾಯಾಮ, ದಿನಕ್ಕೆ 1200. ಆರನೆಯ ವಾರದ ಹೊತ್ತಿಗೆ ನೋವಿಗೆ ಮುಂಚಿನ 1500. ಕೈ ಇಳಿಯುವ ಜಾಗವನ್ನು ತಿದ್ದುವುದು ಆಗ. ಅಲ್ಲಿಂದ ಹನ್ನೆರಡನೆಯ ವಾರದವರೆಗೆ ಒಂದೊಂದೇ ಮೆಟ್ಟಿಲು, ಮೊದಲು ದೂರ, ದೂರ ಸ್ಥಿರವಾದ ಮೇಲೆ ನಾಲ್ಕನೆಯ ದಿನ. ಎರಡನ್ನೂ ಒಂದೇ ವಾರ ಏರಿಸುವುದಿಲ್ಲ. ಪ್ಯಾಡಲ್ ಬೇಕೇ ಬೇಕೆಂದರೆ ಹನ್ನೆರಡು ವಾರದ ನಂತರ, ಅಂಗೈಗಿಂತ ದೊಡ್ಡದಲ್ಲದ್ದು, 200 ಮೀಟರ್. ನನ್ನನ್ನು ಕೇಳಿದರೆ ಹವ್ಯಾಸಿ ಈಜುಗಾರರ ಚೀಲದಲ್ಲಿ ಅದಕ್ಕೆ ಜಾಗವೇ ಬೇಕಿಲ್ಲ.

ಪ್ರತಿ ಹೆಜ್ಜೆಯನ್ನೂ ನಿರ್ಧರಿಸುವುದು ಪಂಚಾಂಗವಲ್ಲ, ನೋವು. ಹತ್ತಕ್ಕೆ ಅಂಕ ಕೊಡಿ. ಈಜುವಾಗ ಮೂರರೊಳಗಿದ್ದು ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದರೆ ಮುಂದುವರಿಯಬಹುದು. ಬೆಳಿಗ್ಗೆಗೂ ಉಳಿದರೆ ಹಿಂದಿನ ವಾರದ ದೂರಕ್ಕೆ ಮರಳಿ. ಈಜುವ ಮುನ್ನ ನೋವಿನ ಮಾತ್ರೆ ನುಂಗಿದರೆ ಈ ಅಳತೆಗೋಲೇ ಸುಳ್ಳಾಗುತ್ತದೆ. ಆರನೆಯ ವಾರದಲ್ಲಿ ನೋವು ಬಹುತೇಕ ಹೋಗಿ ವ್ಯಾಯಾಮ ಕೈಬಿಡುವವರು ಹೆಚ್ಚು. ಮೊದಲ ವಾರಗಳಲ್ಲಿ ಏರುವ ಬಲ ಬಹುಪಾಲು ನರಗಳು ಸ್ನಾಯುವನ್ನು ಚೆನ್ನಾಗಿ ಬಳಸಲು ಕಲಿತದ್ದರ ಫಲ. ರಜ್ಜು ಗಟ್ಟಿಯಾಗಲು ತಿಂಗಳುಗಳು ಬೇಕು. ನೋವು ಹೋದ ಮೇಲೂ ವಾರಕ್ಕೆ ಎರಡು ದಿನ ಉಳಿಸಿಕೊಳ್ಳುವುದು ಲಾಭ.

ಪ್ರಗತಿಯನ್ನು ಅಳೆಯಲು ಎರಡು ಭುಜಗಳನ್ನು ಹೋಲಿಸಿ: ಪಕ್ಕಕ್ಕೆ ಮಲಗಿ ಅದೇ ತೂಕದಲ್ಲಿ ಬಲಗೈ ಎಷ್ಟು ಬಾರಿ ಎತ್ತುತ್ತದೆಯೋ ಎಡಗೈಯೂ ಅಷ್ಟೇ ಎತ್ತಬೇಕು. ಜೊತೆಗೆ ಬಳಲಿದಾಗ ತೆಗೆದ ಹೊಸ ವಿಡಿಯೋದಲ್ಲಿ ಬಾಯಿ ತೆರೆದ ಚೌಕಟ್ಟನ್ನು ಹಳೆಯದರ ಪಕ್ಕ ಇಟ್ಟು ನೋಡಿ.

ಇವೆಲ್ಲ ಅನ್ವಯಿಸದ ಭುಜಗಳೂ ಇವೆ. ಇನ್ನೊಬ್ಬರು ಮೆಲ್ಲಗೆ ತಿರುಗಿಸಿದರೂ ಕೈ ಹೊರಕ್ಕೆ ತಿರುಗದೆ ಬಿಗಿಯಾಗಿ ನಿಂತರೆ ಅದು ಹೆಪ್ಪುಗಟ್ಟಿದ ಭುಜವಿರಬಹುದು. 40ರಿಂದ 60ರ ವಯಸ್ಸಿನವರಲ್ಲಿ, ವಿಶೇಷವಾಗಿ ಮಧುಮೇಹ ಇರುವವರಲ್ಲಿ ಇದು ಹೆಚ್ಚು. ಅದಕ್ಕೆ ಸ್ಟ್ರೋಕ್ ತಿದ್ದಿ ಪ್ರಯೋಜನವಿಲ್ಲ. ಬಿದ್ದ ನಂತರ ಕೈ ಎತ್ತಲಾಗದಿದ್ದರೆ, ಭುಜ ಜಾರಿದಂತೆ ಅನ್ನಿಸಿದರೆ, ನೋವು ಮೊಣಕೈ ದಾಟಿ ಬೆರಳುಗಳಿಗೆ ಜೋಮಿನಂತೆ ಇಳಿದರೆ, ಯಾವ ಮಗ್ಗುಲಿಗೂ ಮಲಗಲಾಗದಂತೆ ರಾತ್ರಿ ಎಚ್ಚರಗೊಳಿಸಿದರೆ ವೈದ್ಯರು ಪರೀಕ್ಷಿಸಬೇಕು. ಎಡತೋಳಿನ ನೋವಿನ ಜೊತೆ ಎದೆ ಬಿಗಿತ ಅಥವಾ ಉಸಿರುಗಟ್ಟುವಿಕೆ ಬಂದರೆ ಅದನ್ನು ಭುಜದ ಲೆಕ್ಕಕ್ಕೆ ಬರೆಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇದ್ಯಾವುದೂ ಇಲ್ಲದೆ ಹನ್ನೆರಡು ವಾರ ಶ್ರದ್ಧೆಯಿಂದ ಮಾಡಿದರೂ ನೋವು ಕದಲದಿದ್ದರೆ ಫಿಸಿಯೋಥೆರಪಿಸ್ಟ್ ಅಥವಾ ಮೂಳೆ ತಜ್ಞರ ಬಳಿ ಹೋಗುವ ಹೊತ್ತು. ಹೋಗುವಾಗ ಆ ವಿಡಿಯೋಗಳನ್ನೂ, ವಾರವಾರದ ದೂರ ಮತ್ತು ನೋವಿನ ಅಂಕಗಳ ಪಟ್ಟಿಯನ್ನೂ ಒಯ್ಯಿರಿ. ಎಂಆರ್‌ಐ ಮಾಡಿಸಿದರೆ ವರದಿಯಲ್ಲಿ ರಜ್ಜು ದಪ್ಪಗಾಗಿದೆ, ಸಣ್ಣಗೆ ಹರಿದಿದೆ ಎಂದು ಬರೆದಿರುವ ಸಾಧ್ಯತೆ ಬಹಳ. ಎಂದೂ ನೋಯದ ಭುಜಗಳಲ್ಲೂ ಅಂಥವು ಸಾಮಾನ್ಯವಾಗಿ ಸಿಗುತ್ತವೆ. ಆದ್ದರಿಂದ ವರದಿಯ ಸಾಲನ್ನು ಓದಿ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಕೇಳಬೇಕಾದ ಪ್ರಶ್ನೆಯೆಂದರೆ, ಚಿತ್ರದಲ್ಲಿ ಕಂಡದ್ದು ಕೈ ಚಾಚಿದಾಗ ಬರುವ ಈ ನೋವಿಗೆ ಹೊಂದುತ್ತದೆಯೇ ಎಂಬುದು.